ಕ್ಯಾಂಪಿಂಗ್ ಚಾಕುವಿಗೆ ಯಾವ ಮಸೆಗಲ್ಲು, ಎಷ್ಟು ಓರೆ?

ಮೊದಲು ಚಾಕುವಿನ ಬಾಯಿಯನ್ನು ದೀಪಕ್ಕೆ ಎದುರಾಗಿ ಹಿಡಿದು ನೋಡಿ. ಹರಿತವಾದ ಬಾಯಿ ಹೊಳೆಯುವುದಿಲ್ಲ. ಬಿಳಿ ಗೆರೆ ಮಿಂಚಿದರೆ ಅಷ್ಟು ಜಾಗ ಮೊಂಡಾಗಿದೆ. ಕಲ್ಲಿಗೆ ತಾಗಿ ಮುಕ್ಕಾಗಿದ್ದರೆ ಅದೂ ಕಾಣುತ್ತದೆ.

ಕಲ್ಲಿನ ಆಯ್ಕೆ ಇದರ ಮೇಲೆಯೇ ನಿಂತಿದೆ. ಗ್ರಿಟ್ ಸಂಖ್ಯೆ ಚಿಕ್ಕದಾದಷ್ಟೂ ಕಲ್ಲು ದೊರಗು. ಮುಕ್ಕು ತೆಗೆಯಲು 300–400 ಬೇಕು. ಬರೀ ಮೊಂಡಾಗಿದ್ದರೆ ನೇರವಾಗಿ 1000ದಿಂದ ಶುರು ಮಾಡಿ; ದೊರಗು ಕಲ್ಲಿಗೆ ಹಾಕಿದರೆ ಸುಮ್ನೆ ಉಕ್ಕು ಸವೆಯುತ್ತದೆ. 6000ದ ಕಲ್ಲು ಅಡುಗೆಮನೆಯ ತೆಳು ಚಾಕುವಿಗೆ ಸರಿ. ಹಗ್ಗ ಕೊಯ್ಯುವ ಚಾಕುವಿಗೆ 1000ದ ಕಲ್ಲು ಉಳಿಸುವ ಸಣ್ಣ ಗರಗಸದಂಥ ಬಾಯಿಯೇ ಚೆನ್ನಾಗಿ ಕಚ್ಚುತ್ತದೆ.

ಓರೆ ಎಷ್ಟಿರಬೇಕು? ಒಂದೊಂದು ಬದಿಗೆ 20 ಡಿಗ್ರಿ ಇಟ್ಟುಕೊಳ್ಳಿ. 15ಕ್ಕೆ ಇಳಿಸಿದರೆ ತರಕಾರಿ ಬೆಣ್ಣೆಯಂತೆ ಕತ್ತರಿಸಬಹುದು, ಆದರೆ ಬಿದಿರಿನ ಗಿಣ್ಣಿಗೆ ತಾಗಿದರೆ ಬಾಯಿ ಮಡಚಿಕೊಳ್ಳುತ್ತದೆ. ಸೌದೆ ಸೀಳುವುದೇ ಜಾಸ್ತಿ ಆದರೆ 25 ಒಳ್ಳೆಯದು.

ಡಿಗ್ರಿ ಅಳೆಯಲು ಉಪಕರಣ ಬೇಡ. ಬಾಯಿಯಿಂದ ಬೆನ್ನಿಗೆ 30 ಮಿ.ಮೀ. ಅಗಲದ ಚಾಕು ಎನ್ನಿ. 20 ಡಿಗ್ರಿಗೆ ಬೆನ್ನಿನ ನಡುಭಾಗ ಕಲ್ಲಿನಿಂದ ಸುಮಾರು 10 ಮಿ.ಮೀ. ಮೇಲಿರಬೇಕು, ಅಂದರೆ ಅಗಲದ ಮೂರನೇ ಒಂದು ಭಾಗ. ಬೆನ್ನು 4 ಮಿ.ಮೀ. ದಪ್ಪ ಇದ್ದರೆ ಅದರ ಕೆಳಗೆ ಉಳಿಯುವ ಸಂದು ಸುಮಾರು 8 ಮಿ.ಮೀ. ಅಷ್ಟೇ ದಪ್ಪದ ರಟ್ಟಿನ ತುಂಡು ಇಟ್ಟು ಕೈಗೆ ಅಳತೆ ಕೂರಿಸಿಕೊಳ್ಳಿ, ಆಮೇಲೆ ತೆಗೆಯಿರಿ. (ಮೋರಾದಂಥ ಚಾಕುಗಳಲ್ಲಿ ಅಗಲವಾದ ಚಪ್ಪಟೆ ಓರೆ ಮೊದಲೇ ಇರುತ್ತದೆ. ಅದನ್ನೇ ಕಲ್ಲಿಗೆ ಒರಗಿಸಿದರೆ ಸಾಕು, ಲೆಕ್ಕ ಬೇಡ.)

ಈಗ ಓರೆಗೆ ಮಾರ್ಕರ್ ಬಳಿದು, ನೆನೆಸಿದ ಕಲ್ಲಿನ ಮೇಲೆ ಎರಡು ಸಲ ಎಳೆಯಿರಿ. ಬೆನ್ನಿನ ಕಡೆಯ ಬಣ್ಣ ಮಾತ್ರ ಹೋದರೆ ಚಾಕುವನ್ನು ತುಸು ಎತ್ತಿ. ಬಾಯಿಯ ತುದಿಯ ಬಣ್ಣ ಮಾತ್ರ ಹೋದರೆ ನೀವು ಹಳೆಯ ಓರೆಗಿಂತ ಹೆಚ್ಚು ಎತ್ತಿದ್ದೀರಿ.

ಓರೆ ಸಿಕ್ಕ ಮೇಲೆ ಒಂದೇ ಬದಿಯನ್ನು ಮಸೆಯುತ್ತಾ ಹೋಗಿ. ಎಷ್ಟು ಹೊತ್ತು ಅಂತ ಗಡಿಯಾರ ನೋಡಬೇಡಿ. ಇನ್ನೊಂದು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯಾಚೆಗೆ ಮೆಲ್ಲಗೆ ಸರಿಸಿದಾಗ ಕೂದಲೆಳೆಯಷ್ಟು ದೊರಗು ಅಂಚು ತಾಕಬೇಕು. ಇದೇ ಬರ್. ಬುಡದಿಂದ ಮೊನೆಯವರೆಗೂ ಅದು ಸಿಗುವ ತನಕ ಬದಿ ಬದಲಿಸುವಂತಿಲ್ಲ, ಕಲ್ಲನ್ನೂ ಬದಲಿಸುವಂತಿಲ್ಲ. ಮೊನೆಯ ಹತ್ತಿರ ಬರ್ ಏಳದೇ ಇರುವುದು ಸಾಮಾನ್ಯ. ಅಲ್ಲಿ ಅಲಗು ಬಾಗುತ್ತದೆ ಅಲ್ವಾ, ಹಾಗಾಗಿ ಹಿಡಿಯನ್ನು ಸ್ವಲ್ಪ ಎತ್ತುತ್ತಾ ಎಳೆಯಬೇಕು.

ಎರಡೂ ಬದಿ ಆದ ಮೇಲೆ ಒತ್ತಡ ಕಡಿಮೆ ಮಾಡಿ, ಒಂದೊಂದೇ ಎಳೆತಕ್ಕೆ ಬದಿ ಬದಲಿಸಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಬಾಯಿ ಹಿಂದಾಗುವಂತೆ ನಾಲ್ಕಾರು ಸಲ ಎಳೆದರೆ ಉಳಿದ ಬರ್ ಉದುರುತ್ತದೆ. ನ್ಯೂಸ್‌ಪೇಪರ್ ಕತ್ತರಿಸಿ ನೋಡಿ. ಎಲ್ಲಿ ತಡೆದು ಹರಿಯುತ್ತದೋ, ಆ ಜಾಗಕ್ಕಷ್ಟೇ ಮತ್ತೆ ಕಲ್ಲು ತೋರಿಸಿ.