ಅನುಕಂಪದ ನೌಕರಿಯ ಅರ್ಜಿ ಮತ್ತು ರೇಷನ್ ಕಾರ್ಡಿನಲ್ಲಿ ಉಳಿದುಹೋದ ಚಿಕ್ಕಪ್ಪನ ಹೆಸರು

ಅಪ್ಪ 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕೇಂದ್ರ ಸರಕಾರದ ಒಂದು ಸಾರ್ವಜನಿಕ ವಲಯದ ಸಂಸ್ಥೆಯಲ್ಲಿ ಅಟೆಂಡರ್ ಆಗಿದ್ದರು, ನಿವೃತ್ತಿಗೆ ಇನ್ನೂ ಒಂಬತ್ತು ವರ್ಷವಿತ್ತು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೈವಳಿಕೆಯ ಒಳಗೆ. ಉಳಿದವರು ಅಮ್ಮ, ಅಪ್ಪನ ತಾಯಿ, ಹತ್ತನೇ ತರಗತಿಯಲ್ಲಿದ್ದ ತಮ್ಮ ಮತ್ತು ಬಿ.ಕಾಂ. ಮುಗಿಸಿದ್ದ ನಾನು. ಅಮ್ಮ ಓದಿದ್ದು ಏಳನೆಯವರೆಗೆ. ಹಾಗಾಗಿ ಅನುಕಂಪದ ನೌಕರಿಗೆ ಅರ್ಜಿ ನನ್ನ ಹೆಸರಿನಲ್ಲಿ ಹೋಗಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕೆಲಸ ಸಿಕ್ಕಿದ್ದು ಎರಡು ವರ್ಷ ಕಳೆದು, ಅದೂ ಒಮ್ಮೆ ತಿರಸ್ಕಾರವಾದ ಮೇಲೆ. ಆ ತಿರಸ್ಕಾರ ಯಾಕಾಯಿತು, ಅದನ್ನು ಹೇಗೆ ಬದಲಾಯಿಸಿಕೊಂಡೆವು ಎಂಬುದನ್ನೇ ಮುಖ್ಯವಾಗಿ ಬರೆಯುತ್ತೇನೆ. ಗಡಿಯ ಈಚೆ ಕೇರಳದಲ್ಲಿರುವ ನಮ್ಮಂಥ ಕನ್ನಡದ ಮನೆಗಳಲ್ಲಿ ಅದೇ ತಪ್ಪು ಮತ್ತೆ ಆಗುವುದು ಬಹಳ ಸುಲಭ.

ಮೊದಲು ಹೆಸರಿನ ವಿಷಯ. ಅಪ್ಪ ಓದಿದ್ದು ಕನ್ನಡ ಶಾಲೆಯಲ್ಲಿ. ಸರ್ವಿಸ್ ಬುಕ್ಕಿನಲ್ಲಿ ಶಾಲೆಯ ಸರ್ಟಿಫಿಕೇಟಿನಲ್ಲಿದ್ದ ಹೆಸರೇ ಇತ್ತು. ಆದರೆ ಮಲಯಾಳದಲ್ಲಿ ಬರೆದ ದಾಖಲೆಗಳಲ್ಲಿ, ರಾಮ ಎಂಬುದು ರಾಮನ್ ಆಗುವ ಹಾಗೆ, ಕೊನೆಗೆ ಒಂದು 'ನ್' ಸೇರಿಕೊಂಡಿತ್ತು. ಅಪ್ಪ ತೀರಿಕೊಂಡದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು. ಆದ್ದರಿಂದ ಮರಣ ಪ್ರಮಾಣಪತ್ರ ಕರ್ನಾಟಕದ್ದು, ಉಳಿದ ಕಾಗದಗಳೆಲ್ಲ ಕೇರಳದ್ದು. ಆಸ್ಪತ್ರೆಯವರು ಕಳಿಸಿದ ಮಾಹಿತಿಯಲ್ಲಿ ಇನಿಶಿಯಲ್ ಬಿಟ್ಟುಹೋಗಿತ್ತು, ವಯಸ್ಸು ಮೂರು ವರ್ಷ ಹೆಚ್ಚಾಗಿತ್ತು.

ಈ ಎರಡು ತಪ್ಪುಗಳಿಗೂ ಮದ್ದು ಒಂದೇ ಅಲ್ಲ. ಹೆಸರಿನ ವ್ಯತ್ಯಾಸಕ್ಕೆ ನಮ್ಮಲ್ಲಿ ಈ ಹೆಸರುಗಳೆಲ್ಲ ಒಬ್ಬರದೇ ಎಂದು ವಿಲೇಜ್ ಆಫೀಸರ್ ಕೊಡುವ 'ಒನ್ ಆಂಡ್ ದ ಸೇಮ್' ಸರ್ಟಿಫಿಕೇಟ್ ಸಾಕಾಗುತ್ತದೆ. ಸರಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗ ಎಲ್ಲ ದಾಖಲೆಗಳಲ್ಲಿರುವ ಎಲ್ಲ ರೂಪಗಳನ್ನೂ ಅಕ್ಷರ ಬಿಡದೆ ಬರೆಸಬೇಕು. ನಾವು ಎರಡೇ ರೂಪ ಬರೆಸಿದ್ದೆವು, ಮೂರನೆಯದು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿತ್ತು. ಅದಕ್ಕಾಗಿ ಎಲ್ಲವನ್ನೂ ಮತ್ತೆ ಮಾಡಿಸಬೇಕಾಯಿತು. ವಯಸ್ಸಿನ ತಪ್ಪು ಮಾತ್ರ ವಿಲೇಜ್ ಆಫೀಸಿನಿಂದ ಸರಿಯಾಗುವುದಿಲ್ಲ. ಸಾವನ್ನು ನೋಂದಾಯಿಸಿದ ಕಚೇರಿಯಲ್ಲೇ ತಿದ್ದಿಸಬೇಕು. ಅದಕ್ಕೆ ಮಂಗಳೂರಿಗೆ ಹೊರಡುವ ಹೊತ್ತಿಗೆ 2020ರ ಮಾರ್ಚ್ ಬಂತು, ತಲಪಾಡಿ ಗಡಿ ಮುಚ್ಚಿತು. ಆಚೆ ಹೋಗಿ ತಿದ್ದಿಸಿಕೊಂಡು ಬರುವಷ್ಟರಲ್ಲಿ ಆರು ತಿಂಗಳು ಹೋದವು.

ಆ ಆರು ತಿಂಗಳು ಕೈಕಟ್ಟಿ ಕೂರದೆ ಇದ್ದುದೇ ನಮ್ಮನ್ನು ಉಳಿಸಿತು ಎಂದು ಈಗ ಅನ್ನಿಸುತ್ತದೆ. ತಿದ್ದುಪಡಿ ಬಾಕಿ ಇದೆ ಎಂದು ಬರೆದು, ಇದ್ದ ಪ್ರಮಾಣಪತ್ರವನ್ನೇ ಲಗತ್ತಿಸಿ, ಫೆಬ್ರವರಿಯಲ್ಲೇ ಅರ್ಜಿ ಕೊಟ್ಟಿದ್ದೆವು. ಸ್ವೀಕೃತಿಯ ಮೊಹರು ಹಾಕಿಸಿಕೊಂಡಿದ್ದೆವು. ಅನುಕಂಪದ ನೇಮಕಾತಿ ಹಕ್ಕಲ್ಲ, ದುಡಿಯುವವರು ಹೋದಾಗ ಮನೆಗೆ ತಟ್ಟನೆ ಬರುವ ಸಂಕಟ ದಾಟಿಸುವುದಕ್ಕೆ ಇರುವ ವಿನಾಯಿತಿ ಎಂದು ಸುಪ್ರೀಂ ಕೋರ್ಟ್ 1994ರ ಉಮೇಶ್ ಕುಮಾರ್ ನಾಗ್ಪಾಲ್ ಪ್ರಕರಣದಲ್ಲೇ ಹೇಳಿದೆ. ತಡಮಾಡಿ ಕೇಳಿದರೆ 'ಇಷ್ಟು ದಿನ ಹೇಗೆ ಬದುಕಿದಿರಿ' ಎಂಬ ಪ್ರಶ್ನೆ ಬಂದೇ ಬರುತ್ತದೆ. ಕಾಗದ ಪೂರ್ತಿಯಾಗಲಿ ಎಂದು ಕಾಯುವುದಕ್ಕಿಂತ ಅರ್ಜಿ ಕೊಟ್ಟು ಕಾಗದ ಸೇರಿಸುತ್ತಾ ಹೋಗುವುದು ಮೇಲು.

ವಾರಸುದಾರರ ಸರ್ಟಿಫಿಕೇಟ್ ತಹಶೀಲ್ದಾರರದ್ದು. ನಮಗೆ ಅದು ಉಪ್ಪಳದ ತಾಲೂಕು ಕಚೇರಿಯಿಂದ ಬರಬೇಕಿತ್ತು. ವಿಲೇಜ್ ಆಫೀಸಿನ ವಿಚಾರಣೆ ಆಗಿ, ಗೆಜೆಟ್‌ನಲ್ಲಿ ಪ್ರಕಟವಾಗಿ, ಆಕ್ಷೇಪಣೆಗೆ 30 ದಿನ ಕಳೆದ ಮೇಲೆಯೇ ಕೈಗೆ ಸಿಗುತ್ತದೆ. ನಮಗೆ ನಾಲ್ಕು ತಿಂಗಳು ಹಿಡಿಯಿತು. ಇಲ್ಲಿ ಅನೇಕರು ಅಜ್ಜಿಯನ್ನು ಮರೆಯುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಸತ್ತವನ ತಾಯಿಯೂ ಹೆಂಡತಿ ಮಕ್ಕಳಷ್ಟೇ ಮೊದಲ ಸಾಲಿನ ವಾರಸುದಾರಳು. ಆದ್ದರಿಂದ 'ಈ ನೌಕರಿ ಇವಳಿಗೆ ಕೊಡಲು ನಮ್ಮ ಆಕ್ಷೇಪವಿಲ್ಲ' ಎಂಬ ಪತ್ರದಲ್ಲಿ ಅಮ್ಮನ ಸಹಿಯ ಜೊತೆ ಅಜ್ಜಿಯ ಹೆಬ್ಬೆಟ್ಟೂ ಬೇಕಾಯಿತು. ಅದನ್ನು ನೋಟರಿಯ ಎದುರಿನಲ್ಲೇ ಒತ್ತಿಸಿ, ಪತ್ರವನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ ಎಂದು ಒಂದು ಸಾಲು ಬರೆಸಿದೆವು. ತಮ್ಮ ಅಪ್ರಾಪ್ತ, ಅವನ ಪರವಾಗಿ ಅಮ್ಮ ಸಹಿ ಹಾಕಿದರು. ಅವನಿಗೆ 18 ತುಂಬಿದಾಗ ಅವನಿಂದಲೇ ಹೊಸ ಪತ್ರ ಬರೆಸಿ ಫೈಲಿಗೆ ಸೇರಿಸಿದೆ.

ಇಷ್ಟೆಲ್ಲ ಕೊಟ್ಟ ಮೇಲೆ 2021ರ ಜನವರಿಯಲ್ಲಿ ಒಂದೇ ಸಾಲಿನ ಉತ್ತರ ಬಂತು: ಕುಟುಂಬವು ನಿರ್ಗತಿಕ ಸ್ಥಿತಿಯಲ್ಲಿ ಇಲ್ಲದಿರುವುದರಿಂದ ಮನವಿಯನ್ನು ಪರಿಗಣಿಸಲಾಗದು.

ಆ ರಾತ್ರಿಯೇ ನಾಲ್ಕು ಪುಟದ ಮರುಮನವಿ ಬರೆದೆ. ಅಪ್ಪನ ಪ್ರಾಮಾಣಿಕತೆ, ಡಯಾಲಿಸಿಸ್‌ಗೆ ಓಡಾಡಿದ ಕಷ್ಟ, ಅಮ್ಮನ ಕಣ್ಣೀರು, ಎಲ್ಲವೂ ಅದರಲ್ಲಿತ್ತು. ಕಳಿಸುವ ಮೊದಲು ಸೋದರಮಾವನಿಗೆ ತೋರಿಸಿದೆ. ಅವರು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದವರು. ಎರಡು ಸಲ ಓದಿ, "ಅಲ್ಲ ಮಗಳೇ, ನಾಲ್ಕು ಪುಟದಲ್ಲಿ ಒಂದು ರೂಪಾಯಿಯ ಲೆಕ್ಕವೂ ಇಲ್ಲವಲ್ಲ. ಅವರು ಯಾವ ಲೆಕ್ಕದಲ್ಲಿ ಇಲ್ಲ ಅಂದರು ಅಂತ ಮೊದಲು ಕೇಳು" ಎಂದರು.

ಹಾಗೆ ಮಾಹಿತಿ ಹಕ್ಕು ಅರ್ಜಿ ಹಾಕಿದೆ. ಕೇಂದ್ರದ ಸಂಸ್ಥೆಯಾದ್ದರಿಂದ 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಉತ್ತರಕ್ಕೆ 30 ದಿನದ ಗಡುವು. 'ಯಾಕೆ ತಿರಸ್ಕರಿಸಿದಿರಿ' ಎಂದು ಕೇಳಲಿಲ್ಲ, ಪ್ರಶ್ನೆ ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಬಿಡಬಹುದು. ನನ್ನ ಅರ್ಜಿಗೆ ಸಂಬಂಧಿಸಿದ ಟಿಪ್ಪಣಿ ಹಾಳೆಗಳ ಪ್ರತಿ, ಸಮಿತಿಯ ನಡಾವಳಿಯಲ್ಲಿ ನನ್ನ ಬಗ್ಗೆ ಇರುವ ಭಾಗ, ಮತ್ತು ಸಂಸ್ಥೆಯಲ್ಲಿ ಜಾರಿಯಲ್ಲಿರುವ ಅನುಕಂಪದ ನೇಮಕಾತಿ ಯೋಜನೆಯ ಪ್ರತಿ, ಈ ಮೂರು ದಾಖಲೆಗಳನ್ನು ಮಾತ್ರ ಕೇಳಿದೆ. ಇಪ್ಪತ್ತೇಳನೆಯ ದಿನ ಒಂಬತ್ತು ಪುಟ ಬಂದವು.

ಟಿಪ್ಪಣಿಯಲ್ಲಿ ಎರಡು ವಿಷಯ ಕಂಡವು. 'ಕುಟುಂಬದ ಗಳಿಸುವ ಸದಸ್ಯರು' ಎಂಬ ಕಾಲಮಿನಲ್ಲಿ 'ಒಬ್ಬರು, ವಿದೇಶ' ಎಂದಿತ್ತು. ಅದು ನಮ್ಮ ಚಿಕ್ಕಪ್ಪ. ಅವರು ದುಬೈಯಲ್ಲಿದ್ದಾರೆ, ಉಪ್ಪಳದಲ್ಲಿ ಬೇರೆ ಮನೆ ಕಟ್ಟಿ ವರ್ಷಗಳೇ ಆಗಿವೆ. ಆದರೆ ನಮ್ಮ ರೇಷನ್ ಕಾರ್ಡಿನಿಂದ ಅವರ ಹೆಸರನ್ನು ಯಾರೂ ತೆಗೆಸಿರಲಿಲ್ಲ, ಅವರ ಸಂಪಾದನೆಯಿಂದಾಗಿ ಕಾರ್ಡು ಕೂಡ ಆದ್ಯತೆ ಇಲ್ಲದವರಿಗೆ ಕೊಡುವ ಬಿಳಿಯದೇ ಆಗಿತ್ತು. ವಿಳಾಸದ ದಾಖಲೆಗೆ ಎಂದು ನಾವೇ ಅದರ ಪ್ರತಿ ಲಗತ್ತಿಸಿದ್ದೆವು. ಎರಡನೆಯದಾಗಿ, ನಮಗೆ ಬಂದ ಪಿ.ಎಫ್., ಗ್ರಾಚ್ಯುಯಿಟಿ, ಪಿ.ಎಫ್. ಜೊತೆಗೇ ಬರುವ ಇ.ಡಿ.ಎಲ್.ಐ. ಜೀವ ವಿಮೆ, ರಜೆಯ ಹಣ ಎಲ್ಲ ಸೇರಿಸಿ 14,60,000 ಎಂದು ಬರೆದಿದ್ದರು. 'ಸಾಲ' ಎಂಬಲ್ಲಿ ಗೆರೆ ಎಳೆದಿದ್ದರು. ಅದು ಅವರ ತಪ್ಪೂ ಅಲ್ಲ. ಬಂದ ಹಣದ ಲೆಕ್ಕ ಅವರ ಬಳಿಯೇ ಇತ್ತು, ಹೋದ ಹಣದ ಲೆಕ್ಕ ನಾವು ಕೊಟ್ಟೇ ಇರಲಿಲ್ಲ.

ಯೋಜನೆಯ ಪ್ರತಿ ಓದಿದಾಗ ದಾರಿ ಕಂಡಿತು. ಕೇಂದ್ರದ ಸಿಬ್ಬಂದಿ ಇಲಾಖೆಯ 2013ರ ಜನವರಿ 16ರ ಸುತ್ತೋಲೆಯಂತೆಯೇ ಇದರಲ್ಲೂ ಆಸ್ತಿಯನ್ನು ಮಾತ್ರವಲ್ಲ, ಹೊಣೆಗಾರಿಕೆಗಳನ್ನೂ ನೋಡಬೇಕು, ಗಳಿಸುವವರು ಇದ್ದಾರೆಯೇ, ಕುಟುಂಬ ಎಷ್ಟು ದೊಡ್ಡದು, ಮಕ್ಕಳ ವಯಸ್ಸೆಷ್ಟು, ಅಗತ್ಯ ಖರ್ಚೇನು ಎಂದು ತೂಗಬೇಕು ಎಂದಿತ್ತು. ಮರುಮನವಿಯನ್ನು ಅದೇ ಕ್ರಮದಲ್ಲಿ ಬರೆದೆ.

ಹಣದ ಪುಟ ಹೀಗಿತ್ತು. ಬಂದದ್ದು 14,60,000. ಅದರಲ್ಲಿ ಸಂಸ್ಥೆ ಮರುಪಾವತಿ ಮಾಡದ ಆಸ್ಪತ್ರೆ ಖರ್ಚು 3,90,000, ಸಹಕಾರಿ ಬ್ಯಾಂಕಿನ ಮನೆ ಸಾಲ 5,20,000, ಚಿನ್ನದ ಸಾಲ 1,80,000, ಹೆಂಗಸರ ಕುಟುಂಬಶ್ರೀ ಸ್ವಸಹಾಯ ಸಂಘದ ಸಾಲ 60,000. ಉಳಿದದ್ದು 3,10,000. ಅದರ ಠೇವಣಿ ಬಡ್ಡಿ ತಿಂಗಳಿಗೆ ಸುಮಾರು 1,420. ಅಮ್ಮನ ಪಿಂಚಣಿ 2,700, ಅಮ್ಮ ಬೀಡಿ ಕಟ್ಟಿ ಗಳಿಸುವುದು 1,800, ಮೂವತ್ತು ಸೆಂಟ್ಸಿನ ಅಡಿಕೆಯಿಂದ ವರ್ಷಕ್ಕೆ 18,000, ಅಂದರೆ ತಿಂಗಳಿಗೆ 1,500. ಒಟ್ಟು 7,420. ಖರ್ಚು 13,200, ಅದರಲ್ಲಿ ಅಜ್ಜಿಯ ಔಷಧಿಯೇ 2,100.

ಬೀಡಿ ಮತ್ತು ಅಡಿಕೆಯನ್ನು ಬಿಟ್ಟುಬಿಡು, ಯಾರಿಗೆ ಗೊತ್ತಾಗುತ್ತದೆ ಎಂದವರೂ ಇದ್ದರು. ನಾನು ಬಿಡಲಿಲ್ಲ. ಮನೆಗೆ ತನಿಖೆಗೆ ಬಂದ ಅಧಿಕಾರಿಗೆ ಅಂಗಳದಲ್ಲಿ ಒಣಗಿದ ಅಡಿಕೆ ಕಂಡರೆ ಉಳಿದ ಅಷ್ಟೂ ಲೆಕ್ಕವನ್ನು ಅವರು ನಂಬುವುದಿಲ್ಲ. ಪ್ರತಿ ಸಾಲಿನ ಎದುರು ಲಗತ್ತಿನ ಸಂಖ್ಯೆ ಹಾಕಿದೆ. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಇಟ್ಟೆ, ಜೊತೆಗೆ ಹಣ ಬಂದ ದಿನ ಮತ್ತು ಸಾಲಕ್ಕೆ ಕಟ್ಟಿದ ದಿನ ಒಂದೇ ಪುಟದಲ್ಲಿ ಕಾಣುವ ಪಾಸ್‌ಬುಕ್ಕಿನ ಪ್ರತಿಯನ್ನೂ ಇಟ್ಟೆ. ಸಾಲವೆಲ್ಲ ಅಪ್ಪ ಇದ್ದಾಗಲೇ ತೆಗೆದದ್ದು ಎಂದು ತೋರಿಸುವ ತಾರೀಖುಗಳಿಗೆ ಗುರುತು ಹಾಕಿದೆ. ಕೈಸಾಲ 40,000 ಇತ್ತು, ಅದಕ್ಕೆ ಕಾಗದ ಇರಲಿಲ್ಲ, ಸೇರಿಸಲಿಲ್ಲ.

ಚಿಕ್ಕಪ್ಪನ ಹೆಸರನ್ನು ತಾಲೂಕು ಸಪ್ಲೈ ಆಫೀಸಿನ ಮೂಲಕ ತೆಗೆಸಿದೆವು. ಆದರೆ ಈಗ ತೆಗೆಸಿದರೆ, ತಿರಸ್ಕಾರವಾದ ಮೇಲೆ ಮಾಡಿಕೊಂಡ ಉಪಾಯ ಎಂದೇ ಕಾಣುತ್ತದೆ. ಆದ್ದರಿಂದ ಅವರು ಮೊದಲಿನಿಂದಲೂ ಬೇರೆ ಇದ್ದರು ಎಂಬುದಕ್ಕೆ ಅವರ ಮನೆಯ ಕಟ್ಟಡ ತೆರಿಗೆ ರಶೀದಿ, ಅಪ್ಪನ ಸಾವಿಗೆ ಹಿಂದಿನ ವರ್ಷಗಳ ಕರೆಂಟ್ ಬಿಲ್ಲು, ವೋಟರ್ ಪಟ್ಟಿಯ ಪುಟ ಸೇರಿಸಿದೆವು. ವಿಲೇಜ್ ಆಫೀಸಿನಿಂದ ಅಪ್ಪನ ಆಶ್ರಿತರು ಯಾರು ಎಂಬ ಸರ್ಟಿಫಿಕೇಟನ್ನೂ ಹೊಸ ಆದಾಯ ಸರ್ಟಿಫಿಕೇಟನ್ನೂ ಇಂಗ್ಲಿಷಿನಲ್ಲಿ ಕೇಳಿ ಪಡೆದೆವು. ಮಲಯಾಳದ ಕಾಗದ ಉತ್ತರದ ಕಡೆಯ ಕಚೇರಿಗೆ ಹೋದರೆ ಅನುವಾದ ಕೇಳಿ ಇನ್ನೊಂದು ತಿಂಗಳು ತಿನ್ನುತ್ತದೆ.

ನಮ್ಮ ಯೋಜನೆಯಲ್ಲಿ ಮೇಲ್ಮನವಿ ಎಂಬ ಪ್ರತ್ಯೇಕ ಕಲಮು ಇರಲಿಲ್ಲ. ಮರುಪರಿಶೀಲನೆಗೆ ಅಡ್ಡಿಯೂ ಇರಲಿಲ್ಲ. ತಿರಸ್ಕಾರಕ್ಕೆ ಸಹಿ ಹಾಕಿದವರಿಗಿಂತ ಮೇಲಿನ ಅಧಿಕಾರಿಗೆ ಏಪ್ರಿಲಿನಲ್ಲಿ ಸ್ಪೀಡ್ ಪೋಸ್ಟ್ ಮಾಡಿದೆ. ಪತ್ರ ಎರಡೇ ಪುಟ. ಕೊನೆಯಲ್ಲಿ ಕೇಳಿದ್ದು ಇಷ್ಟೇ: ಈ ಎರಡು ಅಂಶಗಳನ್ನು ಪರಿಶೀಲಿಸಿ, ಮತ್ತೆ ತೂಗಿ, ಕಾರಣ ಸಹಿತ ಆದೇಶ ಕೊಡಿ. ಒಂದು ವೇಳೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೂ ಅಲ್ಲಿ ಸಾಮಾನ್ಯವಾಗಿ ನೇರವಾಗಿ ನೌಕರಿ ಸಿಗುವುದಿಲ್ಲ, ಮರುಪರಿಶೀಲಿಸಿ ಎಂಬ ನಿರ್ದೇಶನವೇ ಸಿಗುವುದು ಎಂದು ವಕೀಲರು ಹೇಳಿದ್ದರು.

ಸೆಪ್ಟೆಂಬರಿನಲ್ಲಿ ಒಬ್ಬ ಅಧಿಕಾರಿ ಮನೆಗೆ ಬಂದರು. ಅಜ್ಜಿಯೊಡನೆ ಮಾತಾಡಲು ಅವರಿಗೆ ಭಾಷೆ ಬರಲಿಲ್ಲ, ನಾನೇ ಹೇಳಬೇಕಾಯಿತು. ಲೆಕ್ಕದ ಪುಟವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೊರಗೆ ನೋಡಿದರು, ಅಡಿಕೆ ಮರ ಎಷ್ಟು ಎಂದು ಕೇಳಿದರು. ಉಪ್ಪಳಕ್ಕೆ ಹೋಗಿ ಚಿಕ್ಕಪ್ಪನ ಮನೆಯನ್ನೂ ನೋಡಿದರಂತೆ.

ಅರ್ಹರಾದರೂ ಎಲ್ಲರಿಗೂ ಆಗುವುದಿಲ್ಲ. ಇಂಥ ನೇಮಕಾತಿಗೆ ನೇರ ನೇಮಕಾತಿಯ ಹುದ್ದೆಗಳಲ್ಲಿ ಶೇಕಡಾ 5ರ ಮಿತಿ ಇದೆ, ನಮ್ಮದಕ್ಕಿಂತ ಹೆಚ್ಚು ಕಷ್ಟದ ಮನೆ ಇದ್ದರೆ ಅದು ಮುಂದೆ ಹೋಗುತ್ತದೆ. ನವೆಂಬರಿನಲ್ಲಿ ನಮಗೆ ಆದೇಶ ಬಂತು. ಹುದ್ದೆ ಗುಮಾಸ್ತೆಯದ್ದಲ್ಲ, ಅಪ್ಪನದ್ದೇ, ಅಟೆಂಡರ್. ಪದವಿ ಇದೆ, ಬೇರೆ ಹುದ್ದೆ ಕೇಳೋಣವೇ ಎಂದು ಒಂದು ರಾತ್ರಿ ಯೋಚಿಸಿದೆ. ಒಮ್ಮೆ ಅನುಕಂಪದಲ್ಲಿ ಒಂದು ಹುದ್ದೆಗೆ ಸೇರಿದರೆ ಆಮೇಲೆ ಅದೇ ಆಧಾರದಲ್ಲಿ ಬೇರೆಯದನ್ನು ಕೇಳಲಾಗದು, ಒಪ್ಪದೆ ಕುಳಿತರೆ ಸರದಿ ಹೋಗುತ್ತದೆ. ಸೇರಿದೆ. ಸೇರುವ ದಿನ ಅಮ್ಮ, ಅಜ್ಜಿ ಮತ್ತು ತಮ್ಮನನ್ನು ನೋಡಿಕೊಳ್ಳುತ್ತೇನೆ, ತಪ್ಪಿದರೆ ಕೆಲಸದಿಂದ ತೆಗೆಯಬಹುದು ಎಂಬ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಅಪ್ಪನ ಹೆಸರಿನ ಕೊನೆಗೆ ಮತ್ತೆ 'ನ್' ಟೈಪ್ ಆಗಿತ್ತು. ತೋರಿಸಿದೆ, ಹಾಳೆ ಬದಲಾಯಿಸಿ ಕೊಟ್ಟರು, ಆಮೇಲೆ ಸಹಿ ಹಾಕಿದೆ.