ಗೇಟಿನ ದೀಪ ಕೆಳಗೆ ನೋಡಲಿ, ನಕ್ಷತ್ರ ಕಾಣಲಿ

ಬೆಂಗಳೂರಿನ ಯಾವ ಲೇಔಟಿಗೆ ಹೋದರೂ ಗೇಟಿನ ಕಂಬಗಳ ಮೇಲೆ ಬಿಳಿ ಗುಂಡು ದೀಪ ಕಾಣುತ್ತದೆ. ನೋಡೋಕೆ ಚೆಂದ. ಆದರೆ ಅದರ ಬೆಳಕಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನೆಲಕ್ಕೆ ಬೀಳುವುದೇ ಇಲ್ಲ, ಮೇಲಕ್ಕೆ ಹೋಗುತ್ತದೆ.

ಹಾಗೆ ಹೋದ ಬೆಳಕು ಗಾಳಿಗೆ, ದೂಳಿಗೆ ತಾಗಿ ಚದುರುತ್ತದೆ. ಸ್ವಲ್ಪ ಭಾಗ ನಮ್ಮ ಕಡೆಗೇ ವಾಪಸ್ ಬರುತ್ತದೆ. ಆಗ ಇಡೀ ಆಕಾಶ ಮಂಕಾಗಿ ಬೆಳಗುತ್ತದೆ. ನಕ್ಷತ್ರದ ಬೆಳಕೇನೂ ಕಡಿಮೆಯಾಗಿಲ್ಲ, ಅದರ ಹಿಂದಿನ ಕಪ್ಪು ಹೋಗಿದೆ ಅಷ್ಟೆ. ಥಿಯೇಟರಿನಲ್ಲಿ ಲೈಟ್ ಹಾಕಿಕೊಂಡು ಸಿನಿಮಾ ನೋಡಿದ ಹಾಗೆ. ಮಳೆಗಾಲದಲ್ಲಿ ಮೋಡ ಈ ಬೆಳಕನ್ನು ಇನ್ನೂ ಜೋರಾಗಿ ಹಿಂದಕ್ಕೆ ಕಳಿಸುತ್ತದೆ. ಅದಕ್ಕೇ ಕೆಳಗಿನ ಪರೀಕ್ಷೆಗೆ ಚಳಿಗಾಲವೇ ಸರಿ.

ಮೊದಲು ನಿಮ್ಮ ಪಾಲು ಎಷ್ಟು ನೋಡಿ

ಜನವರಿ ಕೊನೆಯ ಹೊತ್ತಿಗೆ, ಚಂದ್ರ ಇಲ್ಲದ ರಾತ್ರಿ ಒಂಬತ್ತರ ಸುಮಾರಿಗೆ ಟೆರೇಸಿಗೆ ಹೋಗಿ. ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಇರುತ್ತದೆ. ಸಾಲಾಗಿ ನಿಂತ ಸೊಂಟದ ಮೂರು ನಕ್ಷತ್ರಗಳು ಬೆಂಗಳೂರಿನಲ್ಲೂ ಸಿಗುತ್ತವೆ. ಕೆಂಪಗೆ ಕಾಣುವ ಆರ್ದ್ರಾ ಕೂಡ ಸಿಗುತ್ತದೆ. ಕಷ್ಟ ಇರುವುದು ವ್ಯಾಧನ ತಲೆಯ ಜಾಗದಲ್ಲಿ. ಅಲ್ಲಿ ಮೃಗಶಿರದ ಮೂರು ಸಣ್ಣ ಚುಕ್ಕಿಗಳಿವೆ. ಮೂರೂ ಬೇರೆಬೇರೆಯಾಗಿ ಕಂಡರೆ ನಿಮ್ಮ ಆಕಾಶ ಪರವಾಗಿಲ್ಲ.

ಮನೆಯ ಹೊರಗಿನ ದೀಪಗಳನ್ನು ಹಾಕಿಕೊಂಡೇ ಒಮ್ಮೆ ನೋಡಿ, ಕಂಡದ್ದನ್ನು ಬರೆದಿಡಿ. ಆಮೇಲೆ ಎಲ್ಲ ಆರಿಸಿ, ಇಪ್ಪತ್ತು ನಿಮಿಷ ಕತ್ತಲಲ್ಲಿ ಕೂತು ಮತ್ತೆ ನೋಡಿ. ನಡುವೆ ಮೊಬೈಲ್ ತೆಗೆದರೆ ಕಣ್ಣು ಮತ್ತೆ ಮೊದಲಿಂದ ಹೊಂದಿಕೊಳ್ಳಬೇಕು. ಎರಡು ಸಲಕ್ಕೂ ವ್ಯತ್ಯಾಸವೇ ಇಲ್ಲ ಅಂದರೆ ತೊಂದರೆ ಪಕ್ಕದ ದೀಪದ್ದು, ಇಲ್ಲವೇ ಇಡೀ ಊರಿನದ್ದು. ಊರಿನ ಮೇಲಿನ ಬೆಳಕು ಒಂದು ಮನೆಯಿಂದ ಇಳಿಯುವುದಿಲ್ಲ. ನೇರವಾಗಿ ಕಣ್ಣಿಗೆ ಹೊಡೆಯುವ ಬೆಳಕನ್ನು ಮಾತ್ರ ನಾವು ತಪ್ಪಿಸಬಹುದು.

ಗುಂಡು ದೀಪದ ಲೆಕ್ಕ

ಗುಂಡಿನ ಒಳಗೆ ಸಾಮಾನ್ಯವಾಗಿ 9 ವ್ಯಾಟಿನ ಎಲ್‌ಇಡಿ ಬಲ್ಬ್ ಇರುತ್ತದೆ, ಸುಮಾರು 900 ಲ್ಯೂಮೆನ್. ಅರ್ಧ ಮೇಲೆ ಹೋದರೆ ಕೆಳಗೆ ಉಳಿಯುವುದು 450. ಇದರ ಬದಲು ಮೇಲ್ಭಾಗ ಮುಚ್ಚಿದ, ಬಲ್ಬ್ ಒಳಗೆ ಅಡಗಿರುವ ಫಿಟ್ಟಿಂಗ್ ಹಾಕಿ. 5 ವ್ಯಾಟ್ ಬಲ್ಬಿನಲ್ಲೇ ಗೇಟಿನ ಮುಂದೆ ಹೆಚ್ಚುಕಡಿಮೆ ಅಷ್ಟೇ ಬೆಳಕು ಸಿಗುತ್ತದೆ. ಬಲ್ಬ್ ಕೊಳ್ಳುವಾಗ ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಇದೆಯಾ ನೋಡಿ. ಅಂಗಡಿಯವರು ಸುಮ್ನೆ ಕೈಗೆ ಕೊಡುವ 6500ರ ಬಿಳಿ ಬಲ್ಬಿನಲ್ಲಿ ನೀಲಿ ಜಾಸ್ತಿ, ಗಾಳಿಯಲ್ಲಿ ಹೆಚ್ಚು ಚದುರುವುದೂ ನೀಲಿಯೇ.

ಕಾಂಪೌಂಡಿನ ಫ್ಲಡ್‌ಲೈಟ್ ಇದ್ದರೆ ಖರ್ಚೇ ಇಲ್ಲ. ಸ್ಟ್ಯಾಂಡಿನ ಬದಿಯ ಎರಡು ಬೋಲ್ಟ್ ಸಡಿಲಿಸಿ, ಗಾಜು ನೆಲಕ್ಕೆ ಸಮವಾಗುವವರೆಗೆ ಬಗ್ಗಿಸಿ, ಮತ್ತೆ ಬಿಗಿ ಮಾಡಿ. ಏಣಿ ಹತ್ತುವ ಮುಂಚೆ ಮೇನ್ ಆಫ್ ಮಾಡಿ. ಆಮೇಲೆ ಟೆರೇಸಿನಿಂದ ನೋಡಿ. ಉರಿಯುವ ಬಿಳಿ ಚಿಪ್ ಕಣ್ಣಿಗೆ ಬಿದ್ದರೆ ಇನ್ನೂ ಬಗ್ಗಿಸಬೇಕು.

"ಕತ್ತಲಾದರೆ ಕಳ್ಳರು ಬರ್ತಾರಲ್ವಾ?" ಅನ್ನುವವರಿಗೆ ಒಂದು ಸಣ್ಣ ಪರೀಕ್ಷೆ ಇದೆ. ರಸ್ತೆಗೆ ಮುಖ ಮಾಡಿದ ಫ್ಲಡ್‌ಲೈಟಿನ ಎದುರು ನಿಂತು ಗೇಟಿನ ಕಡೆ ನೋಡಿ. ಈಗ ಅಂಗೈಯಿಂದ ದೀಪವನ್ನಷ್ಟೇ ಮರೆ ಮಾಡಿ. ಗೇಟಿನ ಪಕ್ಕದ ನೆರಳಲ್ಲಿ ಇರುವುದು ಆಗ ಚೆನ್ನಾಗಿ ಕಂಡರೆ, ಆ ದೀಪ ಕಾವಲು ಕಾಯುತ್ತಿಲ್ಲ, ನೋಡುವವರ ಕಣ್ಣು ಕಟ್ಟುತ್ತಿದೆ.

ಪಕ್ಕದ ಮನೆಯ ದೀಪ ತೊಂದರೆ ಕೊಡುತ್ತಿದ್ದರೆ ಜಗಳ ಬೇಡ. "ಅಂಕಲ್, ಒಂದ್ನಿಮಿಷ ನಮ್ಮ ಟೆರೇಸಿಗೆ ಬನ್ನಿ" ಅಂತ ಕರೆದು ತೋರಿಸಿ. ತಮ್ಮ ದೀಪ ಅಲ್ಲಿಂದ ಹೇಗೆ ಕಾಣುತ್ತೆ ಅಂತ ಹೆಚ್ಚಿನವರು ನೋಡಿಯೇ ಇರುವುದಿಲ್ಲ.

ಶಾಲೆಯಲ್ಲಿ

ಶಾಲೆಯದ್ದು ಬೇರೆ ಕಥೆ. ಸಂಜೆ ಏಳರ ಮೇಲೆ ಮಕ್ಕಳಿಲ್ಲ, ಆದರೂ ಮೈದಾನದ ದೀಪ ಬೆಳಗಿನವರೆಗೆ ಉರಿಯುತ್ತದೆ. ಮೈದಾನದ್ದನ್ನು ಟೈಮರಿಗೆ ಹಾಕಿ. ಗೇಟು ಮತ್ತು ಶೌಚಾಲಯದ ದಾರಿಗೆ ಮೋಷನ್ ಸೆನ್ಸರ್ ಸಾಕು. ಅದನ್ನು ಏಳೆಂಟು ಅಡಿ ಎತ್ತರದಲ್ಲಿ, ಜನ ಅಡ್ಡ ಹಾಯುವ ಕಡೆಗೆ ತಿರುಗಿಸಿ ಹಾಕಬೇಕು. ನೇರ ಎದುರು ಬರುವವರನ್ನು ಅದು ಬೇಗ ಗುರುತಿಸುವುದಿಲ್ಲ. ರಸ್ತೆಗೆ ಮುಖ ಮಾಡಿದರೆ ಹೋಗುವ ಪ್ರತಿ ಆಟೋಗೂ ಹತ್ತಿಕೊಳ್ಳುತ್ತದೆ, ವಾಚ್‌ಮನ್ ಬೇಸತ್ತು ಸೆನ್ಸರನ್ನೇ ಬೈಪಾಸ್ ಮಾಡಿಸುತ್ತಾರೆ. ಹಗಲಲ್ಲೂ ದೀಪ ಹತ್ತುತ್ತಿದ್ದರೆ ಲಕ್ಸ್ ಅನ್ನುವ ತಿರುಪನ್ನು ಚಂದ್ರನ ಗುರುತಿನ ಕಡೆಗೆ ತಿರುಗಿಸಿ. ಟೈಮ್ ತಿರುಪನ್ನು ಒಂದೆರಡು ನಿಮಿಷಕ್ಕೆ ಇಟ್ಟರೆ ನಡೆದು ದಾಟಲು ಧಾರಾಳವಾಗಿ ಸಾಲುತ್ತದೆ.