ಬಡ್ಡಿ ಲೆಕ್ಕ ಒಂದೇ ಸಲಕ್ಕೆ ಅರ್ಥವಾಗುವಂತೆ ಹೇಳುವುದು ಹೇಗೆ?

ಓದುವವರು ಅರ್ಥವಾಗದ ಸಾಲಿನ ಮೇಲೆ ಮತ್ತೆ ಕಣ್ಣಾಡಿಸಬಹುದು. ವಿಡಿಯೊ ಕೇಳುವವರಿಗೆ ಆ ಬಿಡುವಿಲ್ಲ. ಒಂದು ಅಂಕಿಯ ಹತ್ತಿರ ಮನಸ್ಸು ನಿಂತರೆ ಮುಂದಿನ ಎರಡು ಮಾತು ತಪ್ಪಿಹೋಗುತ್ತವೆ. ಜನ ಜಾಸ್ತಿ ಎಡವುವ ಒಂದು ಹೋಲಿಕೆಯನ್ನೇ ನೋಡೋಣ: ಫ್ಲಾಟ್ ಬಡ್ಡಿ ಮತ್ತು ರೆಡ್ಯೂಸಿಂಗ್ ಬ್ಯಾಲೆನ್ಸ್ ಬಡ್ಡಿ. ಎರಡೂ ‘ಹತ್ತು ಪರ್ಸೆಂಟ್’ ಅಂತಲೇ ಕೇಳಿಸುತ್ತವೆ. ಕಟ್ಟುವ ಹಣ ಮಾತ್ರ ಬೇರೆ.

ಮೊದಲು ಕಿವಿಗೆ ಹಗುರವಾದ ಮೊತ್ತ ಆರಿಸಿ. ಒಂದು ಲಕ್ಷವನ್ನು 12 ಕಂತಿಗೆ ಹಂಚಿದರೆ 8,333 ಚಿಲ್ಲರೆ ಬರುತ್ತದೆ. ಅದು ಯಾರಿಗೂ ನೆನಪಿರುವುದಿಲ್ಲ. 12,000 ರೂಪಾಯಿ ಇಟ್ಟುಕೊಳ್ಳಿ. ತಿಂಗಳಿಗೆ ಸರಿಯಾಗಿ ಸಾವಿರ ಅಸಲು.

ಆಮೇಲೆ ರೂಪಾಯಿ ಮುಂದೆ, ಪರ್ಸೆಂಟ್ ಹಿಂದೆ. ಹೀಗೆ ಹೇಳಬಹುದು: “ಹನ್ನೆರಡು ಸಾವಿರ ಸಾಲ ತಗೊಂಡಿದ್ದೀರಿ. ವರ್ಷದ ಬಡ್ಡಿ ಸಾವಿರದ ಇನ್ನೂರು. ಅಂದರೆ ವರ್ಷಕ್ಕೆ ನೂರಕ್ಕೆ ಹತ್ತು. ತಿಂಗಳ ಕಂತು ಸಾವಿರದ ನೂರು.” ಇಲ್ಲಿ ಒಂದು ಕ್ಷಣ ನಿಲ್ಲಿಸಿ. ‘ವರ್ಷಕ್ಕೆ’ ಅನ್ನುವ ಮಾತನ್ನು ಬಿಡಲೇಬೇಡಿ. ‘ನೂರಕ್ಕೆ ಎರಡು ರೂಪಾಯಿ ಬಡ್ಡಿ’ ಅಂದರೆ ಎಷ್ಟೋ ಜನರಿಗೆ ಅದು ತಿಂಗಳ ಲೆಕ್ಕ, ವರ್ಷಕ್ಕೆ 24.

ಈಗ ಮುಖ್ಯ ಪ್ರಶ್ನೆ: ಯಾವುದರ ಮೇಲೆ ಹತ್ತು? ಹೀಗೆ ಮುಂದುವರಿಸಿ: “ಆರು ಕಂತು ಕಟ್ಟಿದ್ದೀರಿ. ನಿಮ್ಮ ಹತ್ತಿರ ಉಳಿದಿರುವ ಸಾಲ ಆರು ಸಾವಿರ. ಆದರೂ ಬಡ್ಡಿ ಹನ್ನೆರಡು ಸಾವಿರದ ಮೇಲೇ ಬೀಳುತ್ತಿದೆ. ಇದು ಫ್ಲಾಟ್.” ಹೆಸರನ್ನು ಕೊನೆಗೆ ಹೇಳಿ. ವಿಷಯ ಗೊತ್ತಾದ ಮೇಲೆ ಬಂದ ಹೆಸರು ಮನಸ್ಸಿನಲ್ಲಿ ನಿಲ್ಲುತ್ತದೆ, ಅಲ್ವಾ?

ರೆಡ್ಯೂಸಿಂಗ್‌ನಲ್ಲಿ ಉಳಿದ ಸಾಲಕ್ಕೆ ಮಾತ್ರ ಬಡ್ಡಿ. ಅದೇ 12,000, ಅದೇ ಹತ್ತು ಪರ್ಸೆಂಟ್, ಸಮ ಕಂತು. ಒಟ್ಟು ಬಡ್ಡಿ ಸುಮಾರು 660 ರೂಪಾಯಿ. “ಒಂದರಲ್ಲಿ ಸಾವಿರದ ಇನ್ನೂರು, ಇನ್ನೊಂದರಲ್ಲಿ ಆರುನೂರ ಅರವತ್ತು” ಅಂದರೆ ಸಾಕು, ಸೂತ್ರ ಬೇಡ. ಆ 1,200 ಬಡ್ಡಿಯನ್ನು ಉಳಿದ ಸಾಲದ ಲೆಕ್ಕಕ್ಕೆ ತಂದರೆ ವರ್ಷಕ್ಕೆ ಸುಮಾರು 18 ಪರ್ಸೆಂಟ್ ಆಗುತ್ತದೆ. ಎರಡು ಸಾಲಗಳನ್ನು ಹೋಲಿಸುವಾಗ ಈ 18ನ್ನೇ ಪಕ್ಕದಲ್ಲಿಡಬೇಕು. ಫ್ಲಾಟ್ ಹತ್ತನ್ನು ರೆಡ್ಯೂಸಿಂಗ್ ಹನ್ನೆರಡರ ಜೊತೆ ಇಟ್ಟರೆ ದುಬಾರಿ ಸಾಲವೇ ಅಗ್ಗವಾಗಿ ಕೇಳಿಸುತ್ತದೆ. ಹಾಗೆ ಹೇಳುವುದು ಕೇಳುಗರಿಗೆ ಮಾಡುವ ಮೋಸ ಅಂತಲೇ ನನ್ನ ಅಭಿಪ್ರಾಯ.

ಬಡ್ಡಿ ದರ 8ರಿಂದ 10ಕ್ಕೆ ಏರಿದಾಗಲೂ ಗೊಂದಲವಾಗುತ್ತದೆ. ‘ಎರಡು ಏರಿತು’ ಅನ್ನಬಹುದು, ‘25 ಪರ್ಸೆಂಟ್ ಏರಿತು’ ಅಂತಲೂ ಅನ್ನಬಹುದು. ಸುಮ್ನೆ “ನೂರಕ್ಕೆ ಎಂಟು ಇದ್ದದ್ದು ಹತ್ತಾಯಿತು” ಅನ್ನಿ.

ಕೊನೆಗೆ, ಲೆಕ್ಕ ಗೊತ್ತಿಲ್ಲದ ಒಬ್ಬರಿಗೆ ಪರದೆ ಮುಚ್ಚಿ ಆಡಿಯೊ ಒಂದೇ ಸಲ ಕೇಳಿಸಿ. “ಅರ್ಥವಾಯಿತಾ?” ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. “ಫ್ಲಾಟ್ ಸಾಲದಲ್ಲಿ ಆರು ಕಂತು ಕಟ್ಟಿದ ಮೇಲೆ ಬಡ್ಡಿ ಎಷ್ಟು ಸಾಲದ ಮೇಲೆ?” ಅಂತ ಕೇಳಿ. ಅವರು ತಡವರಿಸಿದರೆ ಸ್ಕ್ರಿಪ್ಟ್‌ನಲ್ಲಿ ‘ಯಾವುದರ ಮೇಲೆ’ ಅನ್ನುವ ಮಾತು ಎಲ್ಲೋ ಬಿಟ್ಟುಹೋಗಿದೆ. ಆ ಸಾಲನ್ನು ಮತ್ತೆ ಬರೆದು, ಬೇರೊಬ್ಬರಿಗೆ ಕೇಳಿಸಿ.